ಸ್ಟಾಕ್ ಎಷ್ಟಕ್ಕೆ ಇಳಿದಾಗ ಆರ್ಡರ್ ಹಾಕಬೇಕು?

ಪ್ರಶ್ನೆ: ಎಲೆಕ್ಟ್ರಿಕಲ್ ಸಾಮಾನು ಮತ್ತು ಪಂಪಿನ ಬಿಡಿಭಾಗ ಮಾರುತ್ತೇವೆ. ಯಾವುದೇ ಸಾಮಾನಾಗಲಿ, 15 ದಿನಕ್ಕಾಗುವಷ್ಟು ಉಳಿದಾಗ ಆರ್ಡರ್ ಹಾಕುವುದು ನಮ್ಮ ರೂಢಿ. ಸ್ಟಾಕ್ ಎಣಿಸುವುದು ಶನಿವಾರಕ್ಕೊಮ್ಮೆ. ಆದರೂ ಬಲ್ಬು ಆಗಾಗ ಖಾಲಿಯಾಗುತ್ತದೆ, ಪಂಪಿನ ಸೀಲಂತೂ ಗಿರಾಕಿ ಕೇಳಿದಾಗ ಇರುವುದೇ ಇಲ್ಲ. ಬಲ್ಬಿನ 12 ವಾರದ, ಸೀಲಿನ 12 ತಿಂಗಳ ಮಾರಾಟ, ಮಾಲು ಬಂದ ದಿನಗಳ ಲೆಕ್ಕ ಕಳಿಸಿದ್ದೇನೆ. ಎರಡಕ್ಕೂ ಸರಿಯಾದ ಮಟ್ಟ ಯಾವುದು?

ಉತ್ತರ: ಬಲ್ಬಿಗೆ 178, ಸೀಲಿಗೆ 2. ಈ ಎರಡು ಅಂಕಿ ಬಂದ ದಾರಿಯೇ ಬೇರೆ ಬೇರೆ. ಮೊದಲು ಬಲ್ಬು ನೋಡೋಣ.

ನಿಮ್ಮ ಪಟ್ಟಿಯಲ್ಲಿರುವ ವಾರದ ಮಾರಾಟ ಹೀಗಿದೆ: 47, 38, 51, 45, 36, 49, 12, 44, 53, 40, 47, 95. ಇದನ್ನು ಹಾಗೆಯೇ ಲೆಕ್ಕಕ್ಕೆ ಹಾಕಬೇಡಿ. 12 ಮಾರಿದ ವಾರದ ಎದುರು ‘ಮಂಗಳವಾರದಿಂದ ಸ್ಟಾಕ್ ಇಲ್ಲ’ ಎಂದು ನೀವೇ ಬರೆದಿದ್ದೀರಿ. ಆ ವಾರ ಕಡಿಮೆಯಾದದ್ದು ಮಾಲು, ಬೇಡಿಕೆಯಲ್ಲ. ಆ ವಾರವನ್ನೇ ಕೈಬಿಡಿ. ಕೊನೆಯ ವಾರದ 95ರಲ್ಲಿ 50 ಬಲ್ಬು ಒಂದೇ ಬಿಲ್ಲಿನಲ್ಲಿ ಹೋಗಿದೆ. ಅಂಥ ದೊಡ್ಡ ಬೇಡಿಕೆಗೆ ಮುಂಗಡ ಪಡೆದು ಬೇರೆಯಾಗಿಯೇ ತರಿಸುವುದು ಒಳ್ಳೆಯದು. ಹಾಗಾಗಿ ಆ 50 ಕಳೆದು 45 ಎಂದು ಹಿಡಿಯಿರಿ.

ಉಳಿದ 11 ವಾರದ ಸರಾಸರಿ 45. ಮಾರಾಟ ಈ ಸರಾಸರಿಯಿಂದ ಎಷ್ಟು ಆಚೀಚೆ ಹೋಗುತ್ತದೆ ಎಂಬುದನ್ನು ಮಾನಕ ವಿಚಲನೆ ಹೇಳುತ್ತದೆ. ಇಲ್ಲಿ ಅದು 5.3. ಪಟ್ಟಿಯನ್ನು ತಿದ್ದದೆ ಲೆಕ್ಕ ಹಾಕಿದ್ದರೆ ಸರಾಸರಿ 46 ಬರುತ್ತಿತ್ತು, ತಪ್ಪು ಕಣ್ಣಿಗೇ ಬೀಳುತ್ತಿರಲಿಲ್ಲ. ಆದರೆ ಮಾನಕ ವಿಚಲನೆ 18.7ಕ್ಕೆ ಏರಿಬಿಡುತ್ತಿತ್ತು. ಏರುಪೇರಿಗೆಂದು ಹೆಚ್ಚಿಗೆ ಇಟ್ಟುಕೊಳ್ಳುವ ಸೇಫ್ಟಿ ಸ್ಟಾಕ್ ನಿಂತಿರುವುದು ಇದೇ ಅಂಕಿಯ ಮೇಲೆ. ಎಕ್ಸೆಲ್‌ನಲ್ಲಿ ತಿದ್ದಿದ 11 ಅಂಕಿಗಳನ್ನು B ಕಾಲಂನಲ್ಲಿ ತುಂಬಿ, ಹೀಗೆ ಬರೆಯಿರಿ:

```
=AVERAGE(B2:B12)
=STDEV.S(B2:B12)
```

ಇನ್ನು ಎಷ್ಟು ದಿನದ ಮಾರಾಟಕ್ಕೆ ಸ್ಟಾಕ್ ಬೇಕು? ನಿಮ್ಮ ಈಗಿನ ಲೆಕ್ಕ ತಪ್ಪಿರುವುದು ಇಲ್ಲಿಯೇ. ಆರ್ಡರ್ ಹಾಕಿದ ಮೇಲೆ ಬಲ್ಬು ಬರಲು ಸರಾಸರಿ 14 ದಿನ ಬೇಕು. ಆದರೆ ನೀವು ಎಣಿಸುವುದು ವಾರಕ್ಕೊಮ್ಮೆ. ಈ ಶನಿವಾರ ಸ್ಟಾಕ್ ನಿಗದಿತ ಮಟ್ಟಕ್ಕಿಂತ ಒಂದೇ ಒಂದು ಹೆಚ್ಚಿದ್ದರೂ ಆರ್ಡರ್ ಹಾಕುವುದಿಲ್ಲ, ಮುಂದಿನ ಶನಿವಾರ ಹಾಕುತ್ತೀರಿ. ಮಾಲು ಬರುವುದು ಅಲ್ಲಿಂದ ಎರಡು ವಾರಕ್ಕೆ. ಅಂದರೆ ಸ್ಟಾಕ್ ತಡೆಯಬೇಕಾದದ್ದು ಮೂರು ವಾರ, 135 ಬಲ್ಬು. ನಿಮ್ಮ 15 ದಿನದ ಮಟ್ಟ 100ರ ಒಳಗೇ ಇದೆ.

ಇದರ ಮೇಲೆ ಸೇಫ್ಟಿ ಸ್ಟಾಕ್. ನೂರಕ್ಕೆ 95 ಆರ್ಡರ್‌ಗಳಲ್ಲಿ ಹೊಸ ಮಾಲು ಬರುವ ಮೊದಲು ಖಾಲಿಯಾಗಬಾರದು ಎಂದಾದರೆ ಗುಣಕ 1.65. ಮೂರು ವಾರದ ವರ್ಗಮೂಲ 1.73. ಇವೆರಡನ್ನೂ 5.3ಕ್ಕೆ ಗುಣಿಸಿದರೆ ಸುಮಾರು 15. ಹಾಗೆ ನೋಡಿದರೆ ಮಟ್ಟ 150 ಆಗಬೇಕು.

ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಕಳೆದ ಆರು ಸಲ ಮಾಲು ಬರಲು ಹಿಡಿದ ದಿನಗಳನ್ನು ನೋಡಿ: 12, 14, 13, 21, 14, 10. ಇದರ ಮಾನಕ ವಿಚಲನೆ 3.74 ದಿನ, ಅಂದರೆ 0.53 ವಾರ. ವಾರಕ್ಕೆ 45 ಬಲ್ಬು ಹೋಗುವಾಗ ಮಾಲು ಒಂದು ವಾರ ತಡವಾದರೆ 45 ಬಲ್ಬಿನ ಹೊಂಡ ಬೀಳುತ್ತದೆ. ಅದರ ಮುಂದೆ ಗಿರಾಕಿಗಳ ಏರುಪೇರು ಏನೂ ಅಲ್ಲ. ಎರಡನ್ನೂ ಸೇರಿಸುವ ಸೂತ್ರ ಇದು:

```
=1.65*SQRT(3*5.29^2 + 45^2*0.534^2)
```

ಉತ್ತರ 42.4, ಅದನ್ನು ಮೇಲಕ್ಕೆ 43 ಎಂದು ಹಿಡಿಯಿರಿ. 135 + 43 = 178. ಮೊದಲು 15 ಇದ್ದದ್ದು 43 ಆದದ್ದು ಪೂರ್ತಿ ಸರಬರಾಜಿನ ತಡದಿಂದ. ಆ 21 ದಿನದಂಥ ತಡ ಆಗದಂತೆ ಸಪ್ಲೈಯರ್ ಜೊತೆ ಮಾತಾಡಿಕೊಂಡರೆ, ನಿಮ್ಮ ಸೇಫ್ಟಿ ಸ್ಟಾಕ್ ತಾನಾಗಿ ಇಳಿಯುತ್ತದೆ. ಮಾರಾಟದ ಅಂದಾಜನ್ನು ಎಷ್ಟು ನಯ ಮಾಡಿದರೂ ಅಷ್ಟು ಲಾಭ ಸಿಗದು.

178ಕ್ಕೆ ಹೋಲಿಸಬೇಕಾದದ್ದು ಕಪಾಟಿನಲ್ಲಿರುವ ಮಾಲನ್ನು ಮಾತ್ರವಲ್ಲ. ಆರ್ಡರ್ ಹಾಕಿ ಇನ್ನೂ ಬಾರದಿರುವುದನ್ನೂ ಕೂಡಿಸಿಕೊಳ್ಳಿ. ಇಲ್ಲದಿದ್ದರೆ ಒಂದು ಆರ್ಡರ್ ದಾರಿಯಲ್ಲಿರುವಾಗಲೇ ಮುಂದಿನ ಶನಿವಾರ ಮತ್ತೊಂದು ಹಾಕುತ್ತೀರಿ, ಎರಡೂ ಒಟ್ಟಿಗೆ ಬಂದು ಬೀಳುತ್ತವೆ.

ಈಗ ಸೀಲ್. 12 ತಿಂಗಳಲ್ಲಿ ಏಳು ತಿಂಗಳು ಸೊನ್ನೆ, ನಾಲ್ಕು ತಿಂಗಳು ಒಂದೊಂದು, ಒಂದು ತಿಂಗಳು ಎರಡು. ವರ್ಷಕ್ಕೆ ಒಟ್ಟು 6. ನಿಮ್ಮ 15 ದಿನದ ನಿಯಮದಂತೆ ಇದಕ್ಕೆ ಸಿಗುವ ಮಟ್ಟ ಕಾಲು ಸೀಲ್! ಹಾಗಾಗಿ ಕೊನೆಯದು ಮಾರಿಹೋದ ಮೇಲಷ್ಟೇ ಆರ್ಡರ್ ಹೋಗುತ್ತಿದೆ. ಬಲ್ಬಿನ ಸೂತ್ರವೂ ಇಲ್ಲಿ ನಡೆಯದು. ಅದು ಸರಾಸರಿಯ ಎರಡೂ ಕಡೆ ಸಮನಾಗಿ ಏರಿಳಿಯುವ ಮಾರಾಟಕ್ಕೆ ಹೇಳಿದ್ದು. ಸೊನ್ನೆಗೆ ಅಂಟಿಕೊಂಡ ಮಾರಾಟ ಕೆಳಗೆ ಇಳಿಯಲಾರದು, ಮೇಲಕ್ಕೆ ಮಾತ್ರ ಜಿಗಿಯುತ್ತದೆ. ಇಂಥದ್ದಕ್ಕೆ, ಅಪರೂಪದ ಮಾರಾಟದ ಸಾಧ್ಯತೆ ಎಷ್ಟೆಂದು ಹೇಳುವ ಪಾಯ್ಸಾನ್ ಲೆಕ್ಕ ಹೊಂದುತ್ತದೆ, ಅದಕ್ಕೆ ಸರಾಸರಿ ಒಂದೇ ಸಾಕು.

ಸೀಲ್ ಬರಲು ಹಿಡಿಯುವ ಸಮಯ, ಎಣಿಕೆಯ ವಾರ ಎರಡೂ ಸೇರಿ ಹತ್ತಿರ ಹತ್ತಿರ ಎರಡು ತಿಂಗಳು. ಆ ಅವಧಿಯ ಸರಾಸರಿ ಮಾರಾಟ 1.

```
=POISSON.DIST(2,1,TRUE)
```

ಇಲ್ಲಿ ಮೊದಲ 2 ಎಂದರೆ ಆರ್ಡರ್ ಹಾಕುವ ಮಟ್ಟ, ನಂತರದ 1 ಎಂದರೆ ಸರಾಸರಿ. ಉತ್ತರ 0.92: ಎರಡು ಉಳಿದಾಗ ಆರ್ಡರ್ ಹಾಕಿದರೆ ನೂರರಲ್ಲಿ 92 ಸಲ ಸಾಲುತ್ತದೆ. ಮಟ್ಟ 1 ಇಟ್ಟರೆ 74 ಸಲ, 3 ಇಟ್ಟರೆ 98 ಸಲ. ಒಂದು ಆರ್ಡರ್‌ಗೆ ಎರಡರಂತೆ ತರಿಸಿದರೆ ವರ್ಷಕ್ಕೆ ಮೂರೇ ಆರ್ಡರ್. ಅವುಗಳಲ್ಲಿ ನೂರಕ್ಕೆ 8 ತಪ್ಪಿದರೂ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಮಾಲು ಸಾಲದೆ ಹೋದೀತು. ಹಾಗಾಗಿ 2 ಸಾಕು ಎಂಬುದು ನನ್ನ ಅಭಿಪ್ರಾಯ. ಸೀಲ್ ಸಿಗದೆ ಗಿರಾಕಿಯ ಕೆಲಸವೇ ನಿಲ್ಲುವಂತಿದ್ದರೆ 3 ಇಡಿ.

ಎರಡು ಹೋದ ಆ ತಿಂಗಳ ಬಿಲ್ ತೆಗೆದು ನೋಡಿ. ಒಬ್ಬರೇ ಎರಡನ್ನೂ ಒಯ್ದಿದ್ದರೆ, ಮತ್ತು ಅದು ಮಾಮೂಲಾದರೆ, ಈ ಲೆಕ್ಕ ಕಡಿಮೆ ತೋರಿಸುತ್ತದೆ. ಆಗ ಬಿಡಿ ಬಿಡಿಯಾಗಿ ಎಣಿಸದೆ ಜೋಡಿಯನ್ನೇ ಒಂದು ಎಂದು ಎಣಿಸಬೇಕು. ವರ್ಷಕ್ಕೆ ಒಂದೋ ಎರಡೋ ಹೋಗುವ ಸಾಮಾನಿಗೆ ಇಷ್ಟೆಲ್ಲ ಲೆಕ್ಕವೇ ಬೇಡ: ಒಂದು ಇಟ್ಟುಕೊಳ್ಳಿ, ಮಾರಿದಾಗ ಇನ್ನೊಂದು ತರಿಸಿ.

ಮಟ್ಟ ಸರಿಯಾಗಿದೆಯೇ ಎಂದು ತಿಳಿಯಲು, ಬಲ್ಬಿನ ಹೊಸ ಮಾಲು ಬಂದಾಗಲೆಲ್ಲ ಹಳೆಯದು ಎಷ್ಟು ಉಳಿದಿತ್ತು ಎಂದು ಬರೆದಿಡಿ. ಸ್ಟಾಕ್ 178 ಮುಟ್ಟುವುದು ಸಾಮಾನ್ಯವಾಗಿ ವಾರದ ನಡುವೆ. ಶನಿವಾರದ ಹೊತ್ತಿಗೆ ಸರಾಸರಿ ಇನ್ನೂ 22 ಹೋಗಿರುತ್ತದೆ, ಮಾಲು ಬರುವವರೆಗೆ 90 ಹೋಗುತ್ತದೆ. ಹಾಗಾಗಿ ಸರಾಸರಿ 66ರಷ್ಟು ಉಳಿದಿರಬೇಕು. ಎಂಟು ಹತ್ತು ಆರ್ಡರ್‌ಗಳ ಸರಾಸರಿ 30ರ ಕೆಳಗೆ ಇದ್ದರೆ ಮಾರಾಟ ಏರಿದೆ ಅಥವಾ ಮಾಲು ಬರುವುದು ನಿಧಾನವಾಗಿದೆ. 100 ದಾಟಿದರೆ ಮಾರಾಟ ಇಳಿದಿದೆ ಅಥವಾ ಮಾಲು ಬೇಗ ಬರುತ್ತಿದೆ. ಎರಡರಲ್ಲಿ ಯಾವುದಾದರೂ, ಇತ್ತೀಚಿನ 12 ವಾರದ ಅಂಕಿಗಳಿಂದ ಲೆಕ್ಕ ಮತ್ತೆ ಹಾಕಿ.