ಕಿರಣ್ ಹೊಡೆದದ್ದು 31, ನೀವು ಕೊಟ್ಟದ್ದು 13

"ಸರ್, ಭಾನುವಾರ ಹಾಸನದಲ್ಲಿ ನಡೆದ ಅರಸೀಕೆರೆ–ಸಕಲೇಶಪುರ ಕ್ರಿಕೆಟ್ ಫೈನಲ್ ವರದಿ ಕಳಿಸುತ್ತಿದ್ದೇನೆ. ಸ್ಕೋರ್ ಶೀಟಿನ ಫೋಟೊ ಕೂಡ ಜೊತೆಗಿದೆ. ಎರಡು ಸಲ ಓದಿ ನೋಡಿದೆ, ತಪ್ಪೇನೂ ಕಾಣಲಿಲ್ಲ. ಏನಾದರೂ ತಿದ್ದಬೇಕಿದ್ದರೆ ಮುಚ್ಚುಮರೆ ಇಲ್ಲದೆ ಹೇಳಿ."

ನಮಸ್ಕಾರ. ಮಳೆ ನಿಂತ ಮೇಲೆ ಹುಡುಗರು ಗೋಣಿಚೀಲ ಎಳೆದು ಪಿಚ್ ಸುತ್ತಲಿನ ನೀರು ಒರೆಸಿದ ಸಾಲು ಚೆನ್ನಾಗಿದೆ. ಆಟ ನೋಡುವ ಕಣ್ಣು ನಿಮಗಿದೆ. ಆದರೆ ಈ ವರದಿ ಓದಿ ನನಗೆ ನಿಜವಾಗಿ ಸಿಟ್ಟು ಬಂತು. ಇದನ್ನು ನೀವು ಓದಿದ್ದೀರಿ, ಕೂಡಿ ನೋಡಿಲ್ಲ. ಪಂದ್ಯದ ವರದಿಯಲ್ಲಿ ಅರ್ಧಭಾಗ ಅಂಕಿ. ಅಂಕಿಯನ್ನು ಎಷ್ಟು ಸಲ ಓದಿದರೂ ತಪ್ಪು ಕಾಣುವುದಿಲ್ಲ, 13 ಕೂಡ 31ರಷ್ಟೇ ಸರಿಯಾಗಿ ಕಾಣುತ್ತದೆ.

ನೀವು ಕೊಟ್ಟ ಅರಸೀಕೆರೆಯ ಪಟ್ಟಿಯನ್ನೇ ತೆಗೆದುಕೊಳ್ಳುತ್ತೇನೆ. (ಹುಡುಗರ ಪೂರ್ತಿ ಹೆಸರು ಇಲ್ಲಿ ಬೇಡ, ಕರೆಯುವ ಹೆಸರು ಸಾಕು.) ಎಸ್. ಶರತ್ 52, ಕಿರಣ್ 13, ಹೇಮಂತ್ 22, ಭರತ್ 3, ಎಂ. ಶರತ್ 11, ಉಳಿದ ನಾಲ್ವರದ್ದು ಸೇರಿ 13. ಕೂಡಿದರೆ 114. ಇತರೆ ರನ್ 16 ಸೇರಿಸಿದರೆ 130. ಆದರೆ ಅದರ ಕೆಳಗೇ "ಒಟ್ಟು 7 ವಿಕೆಟ್‌ಗೆ 148" ಎಂದು ಬರೆದಿದ್ದೀರಿ. 18 ರನ್ ಎಲ್ಲಿ ಹೋಯಿತು?

ತಪ್ಪು ಒಟ್ಟು ಮೊತ್ತದಲ್ಲಿದೆಯೋ ಬ್ಯಾಟಿಂಗ್ ಪಟ್ಟಿಯಲ್ಲಿದೆಯೋ ಎಂದು ತಿಳಿಯಬೇಕಾದರೆ ಬೌಲಿಂಗ್ ಕಡೆಯಿಂದ ಬರಬೇಕು. ಸಕಲೇಶಪುರದ ಐವರು ಬೌಲರ್‌ಗಳು ನಾಲ್ಕು ನಾಲ್ಕು ಓವರ್ ಹಾಕಿ ಕೊಟ್ಟದ್ದು 28, 31, 24, 35, 24. ಒಟ್ಟು 142. ವೈಡ್ ಮತ್ತು ನೋಬಾಲ್ ಬೌಲರ್‌ನ ಲೆಕ್ಕಕ್ಕೇ ಹೋಗುತ್ತವೆ, ಹಾಗಾಗಿ ಅವು ಈ 142ರಲ್ಲೇ ಸೇರಿವೆ. ಬೈ ಮತ್ತು ಲೆಗ್‌ಬೈ ಬೌಲರ್‌ನ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಇತರೆ ರನ್‌ಗಳಲ್ಲಿ ಬೈ 2, ಲೆಗ್‌ಬೈ 4 ಇವೆ. 142ಕ್ಕೆ 6 ಸೇರಿಸಿದರೆ 148. ಅಲ್ಲಿಗೆ ಮೊತ್ತ ಸರಿ, ತಪ್ಪಿರುವುದು ಬ್ಯಾಟಿಂಗ್ ಪಟ್ಟಿಯಲ್ಲಿ. ವಿಕೆಟ್ ಲೆಕ್ಕವನ್ನೂ ಹೀಗೇ ನೋಡಿದೆ. ಬೌಲರ್‌ಗಳ ಹೆಸರಿನಲ್ಲಿ 6, ರನೌಟ್ 1, ಒಟ್ಟು 7. ಅದು ಕೂಡುತ್ತದೆ.

ಇನ್ನು ಆ 18. ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬಹುದು ಎಂಬುದು ಲೆಕ್ಕಪತ್ರ ಬರೆಯುವವರ ಹಳೆಯ ಅನುಭವ. 52 ಹೋಗಿ 25 ಆದರೆ 27 ಕಡಿಮೆ, 31 ಹೋಗಿ 13 ಆದರೆ 18 ಕಡಿಮೆ. ನಿಮ್ಮ ಪಟ್ಟಿಯಲ್ಲಿ ತಿರುಗಿಸಿದರೆ 18 ಹೆಚ್ಚಾಗುವ ಅಂಕಿ ಎಲ್ಲಿದೆ ಎಂದು ಹುಡುಕಿದೆ. ಕಿರಣ್‌ನ 13 ಸಿಕ್ಕಿತು. ಆಮೇಲೆ ಫೋಟೊ ದೊಡ್ಡದು ಮಾಡಿ ನೋಡಿದೆ. ಸ್ಕೋರರ್ 31 ಎಂದು ಸ್ಪಷ್ಟವಾಗಿಯೇ ಬರೆದಿದ್ದಾರೆ. ಫೈನಲ್‌ನಲ್ಲಿ 31 ಹೊಡೆದ ಹುಡುಗನಿಗೆ ನೀವು 13 ಕೊಟ್ಟಿದ್ದೀರಿ.

ಮುಂದಿನ ಸಾಲು ಇದು: "148 ರನ್‌ಗಳ ಗುರಿ ಬೆನ್ನತ್ತಿದ ಸಕಲೇಶಪುರ 18.4 ಓವರ್‌ಗಳಲ್ಲಿ 6 ವಿಕೆಟ್‌ಗೆ 151 ರನ್ ಗಳಿಸಿ, 1.6 ಓವರ್ ಬಾಕಿ ಇರುವಂತೆ 6 ವಿಕೆಟ್‌ಗಳಿಂದ ಗೆಲ್ಲುತ್ತದೆ." ಒಂದೇ ಸಾಲಿನಲ್ಲಿ ಮೂರು ಲೆಕ್ಕ ತಪ್ಪಿವೆ. ಎದುರಾಳಿ 148 ಹೊಡೆದರೆ ಗುರಿ 149. 148ಕ್ಕೆ ನಿಂತರೆ ಪಂದ್ಯ ಟೈ. ಇನ್ನು 18.4 ಎಂದರೆ ಹದಿನೆಂಟು ಓವರ್ ಮತ್ತು ನಾಲ್ಕು ಎಸೆತ, ದಶಮಾಂಶ ಅಲ್ಲ. ನೀವು 20ರಲ್ಲಿ 18.4 ಕಳೆದು 1.6 ಬರೆದಿದ್ದೀರಿ. ಆರು ಎಸೆತಕ್ಕೆ ಒಂದು ಓವರ್ ಮುಗಿಯುವುದರಿಂದ ಬಿಂದುವಿನ ಆಚೆ 6 ಬರಲು ಸಾಧ್ಯವೇ ಇಲ್ಲ. ಆ ಅಂಕಿ ಕಣ್ಣಿಗೆ ಬಿದ್ದೊಡನೆ ನಿಮ್ಮ ಕೈ ನಿಲ್ಲಬೇಕಿತ್ತು. 120 ಎಸೆತಗಳಲ್ಲಿ 112 ಮುಗಿದಿದ್ದವು, ಉಳಿದದ್ದು 8 ಎಸೆತ. "8 ಎಸೆತ ಬಾಕಿ" ಎಂದೇ ಬರೆಯಿರಿ, ಓದುವವರಿಗೂ ಸುಲಭ. ಮೂರನೆಯದು, ಆರು ವಿಕೆಟ್ ಕಳೆದುಕೊಂಡ ತಂಡ ಗೆದ್ದದ್ದು ಕೈಯಲ್ಲಿ ಉಳಿದ ನಾಲ್ಕು ವಿಕೆಟ್‌ಗಳಿಂದ. ನಿಮ್ಮ ತಲೆಬರಹದಲ್ಲೂ "6 ವಿಕೆಟ್ ಜಯ" ಎಂದೇ ಇದೆ.

ನಾನು ಕೆಲಸ ಕಲಿತದ್ದು ಹಾಸನದಲ್ಲೇ, ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದ ಒಂದು ಸಣ್ಣ ಪತ್ರಿಕೆಯಲ್ಲಿ. ಅಲ್ಲಿ ಪ್ರೂಫ್ ನೋಡುತ್ತಿದ್ದ ಹಿರಿಯರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ನಾನು ಮೂಲ ಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು, ಅವರು ಗ್ಯಾಲಿ ಮೇಲೆ ಬೆರಳಿಟ್ಟು ಕೇಳಬೇಕು. "ಐವತ್ತೆರಡು" ಎಂದು ಓದಿದರೆ ಅವರು ಒಪ್ಪುತ್ತಿರಲಿಲ್ಲ. "ಐದು, ಎರಡು ಅನ್ನಪ್ಪ, ಒಂದೊಂದೇ ಅಂಕಿ ಹೇಳು" ಎನ್ನುತ್ತಿದ್ದರು. ಅದೇಕೆಂದು ಆಗ ಹೊಳೆಯಲಿಲ್ಲ. ಪೂರ್ತಿ ಸಂಖ್ಯೆಯನ್ನು ಒಂದೇ ಉಸಿರಿಗೆ ಹೇಳಿದರೆ ಕಿವಿ ಅರ್ಧ ಕೇಳಿ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಬಿಡಿಬಿಡಿಯಾಗಿ ಹೇಳಿದರೆ ಮೂರು-ಒಂದು ಒಂದು-ಮೂರು ಆದದ್ದು ತಕ್ಷಣ ತಿಳಿಯುತ್ತದೆ. ನಿಮ್ಮ ಮನೆಯಲ್ಲಿ ತಂಗಿಯೋ ಅಮ್ಮನೋ ಇದ್ದರೆ ಅವರ ಕೈಗೆ ಸ್ಕೋರ್ ಶೀಟ್ ಕೊಟ್ಟು ಓದಿಸಿ, ನೀವು ನಿಮ್ಮ ಬರಹದ ಮೇಲೆ ಬೆರಳಿಡಿ. ಕ್ರಿಕೆಟ್ ಗೊತ್ತಿಲ್ಲದವರಾದರೆ ಇನ್ನೂ ಒಳ್ಳೆಯದು, ಅವರು ಊಹಿಸಿ ಓದುವುದಿಲ್ಲ.

ಇಷ್ಟೆಲ್ಲ ಕೂಡಿ ಕಳೆದರೂ ಸಿಕ್ಕದ ತಪ್ಪು ಒಂದಿದೆ. ಒಬ್ಬನ ರನ್ ಇನ್ನೊಬ್ಬನ ಹೆಸರಿಗೆ ಹೋದರೆ ಮೊತ್ತ ಕದಲುವುದೇ ಇಲ್ಲ. ನಿಮ್ಮ ಪಂದ್ಯದಲ್ಲಿ ಒಂದೇ ತಂಡಕ್ಕೆ ಇಬ್ಬರು ಶರತ್. ಪಟ್ಟಿಯಲ್ಲಿ ಇನಿಷಿಯಲ್ ಹಾಕಿದ್ದೀರಿ, ಬರಹದಲ್ಲಿ ಬಿಟ್ಟಿದ್ದೀರಿ. "ಕೊನೆಯ ಓವರಿನಲ್ಲಿ ಶರತ್ ಎರಡು ಬೌಂಡರಿ ಹೊಡೆದರು" ಎಂದಿದೆ. 52 ಹೊಡೆದ ಶರತ್ 14ನೇ ಓವರಿನಲ್ಲೇ ಔಟಾದರೆಂದು ನೀವೇ ಮೇಲೆ ಬರೆದಿದ್ದೀರಿ. ಹಾಗಾದರೆ ಇವರು ಎಂ. ಶರತ್ ಇರಬೇಕು. ಓದುವವರು ಇಷ್ಟು ಲೆಕ್ಕ ಹಾಕುತ್ತಾ ಕೂರುವುದಿಲ್ಲ.

ನನ್ನ ಮೊದಲ ವರ್ಷದಲ್ಲಿ ಇದೇ ಆಯಿತು. ಕಾಲೇಜು ಪಂದ್ಯವೊಂದರಲ್ಲಿ ಒಬ್ಬ ಹುಡುಗ ಐದು ವಿಕೆಟ್ ತೆಗೆದಿದ್ದ. ಅದೇ ಹೆಸರಿನ ಇನ್ನೊಬ್ಬನ ಇನಿಷಿಯಲ್ ಹಾಕಿ ನಾನು ಬರೆದೆ. ಮರುದಿನ ಬೆಳಿಗ್ಗೆ ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ ಹುಡುಗನ ತಂದೆ ಅರಕಲಗೂಡು ಕಡೆಯಿಂದ ಮೊದಲ ಬಸ್ಸಿಗೆ ಬಂದು ಜಗಲಿ ಮೇಲೆ ಕೂತಿದ್ದರು. ಬೈಯಲಿಲ್ಲ. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಪಂಚೆಯ ಅಂಚಿನಲ್ಲಿ ಸುತ್ತಿಟ್ಟುಕೊಂಡಿದ್ದರು, ಬಿಡಿಸಿ ಆ ಸಾಲಿನ ಮೇಲೆ ಬೆರಳಿಟ್ಟು, "ಇದು ನಮ್ಮ ಹುಡುಗ ಅಲ್ಲವಲ್ಲ ಸ್ವಾಮಿ" ಎಂದರು. ಮರುದಿನ ಮೂಲೆಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿದೆವು. ಆ ಬೆರಳು ನನಗೆ ಈಗಲೂ ಕಾಣುತ್ತದೆ.

ಹೆಸರಿನ ಕಾಗುಣಿತವೂ ಇದೇ ಜಾತಿಯ ತಪ್ಪು. ನಿಮ್ಮ ವರದಿಯಲ್ಲಿ ಒಬ್ಬನೇ ಹುಡುಗ ಶರತ್, ಶರಥ್, ಶರತ ಎಂದು ಮೂರು ಬಗೆಯಲ್ಲಿದ್ದಾನೆ. ಹೇಗಾಯಿತೆಂದು ಫೋಟೊ ನೋಡಿದಾಗ ಗೊತ್ತಾಯಿತು. ಸ್ಕೋರ್ ಶೀಟ್ ಇಂಗ್ಲಿಷಿನಲ್ಲಿದೆ. ನಮ್ಮ ಕಡೆ "ತ" ಅಕ್ಷರಕ್ಕೆ ಇಂಗ್ಲಿಷಿನಲ್ಲಿ ಟಿ-ಎಚ್ ಬರೆಯುವುದು ರೂಢಿ. ನೀವು ಆ ಎಚ್ ನೋಡಿ ಕನ್ನಡದಲ್ಲಿ "ಥ" ಮಾಡಿದ್ದೀರಿ. ಹೇಮಂತ್ ಒಂದು ಕಡೆ ಹೇಮಂಥ್ ಆದದ್ದೂ ಹಾಗೆಯೇ. ಕೊನೆಯ ಪ್ಯಾರಾದಲ್ಲಿ "ಜವಗಲ್ ಶ್ರೀನಾಥ್" ಎಂದಿದ್ದೀರಿ. ಜಾವಗಲ್ ನಮ್ಮ ಅರಸೀಕೆರೆ ತಾಲ್ಲೂಕಿನದೇ ಊರು. ಹಾಸನ ಜಿಲ್ಲೆಯವರೇ ಆ ಹೆಸರನ್ನು ಇಂಗ್ಲಿಷ್ ಮೂಲಕ ಓದಿ ತಪ್ಪಾಗಿ ಬರೆದರೆ ನನಗೆ ನೋವಾಗುತ್ತದೆ. ಇಂಗ್ಲಿಷ್ ಪಟ್ಟಿಯಿಂದ ಕಿರಣ್ ಹೆಸರಿನ ಕೊನೆಯಕ್ಷರ ಣ ಅಥವಾ ನ, ಭರತ್ ಹೆಸರಿನ ಮೊದಲಕ್ಷರ ಭ ಅಥವಾ ಬ ಎಂದು ತಿಳಿಯುವುದು ಕಷ್ಟ. ಪಂದ್ಯಕ್ಕೆ ಮುಂಚೆ ತಂಡದ ಮ್ಯಾನೇಜರ್ ಹತ್ತಿರ ಹೋಗಿ ಹನ್ನೊಂದು ಹೆಸರನ್ನೂ ಕನ್ನಡದಲ್ಲಿ ಬರೆಸಿಕೊಳ್ಳಿ, ಇನಿಷಿಯಲ್ ಸಮೇತ. ಐದು ನಿಮಿಷದ ಕೆಲಸ.

ತಿದ್ದುವಾಗ ಕಂಪ್ಯೂಟರಿನಲ್ಲಿ "ಎಲ್ಲ ಕಡೆ ಬದಲಿಸು" ಒತ್ತಬೇಡಿ. "ಶರತ" ಹುಡುಕಿ "ಶರತ್" ಹಾಕಿದರೆ, ಸರಿಯಾಗಿದ್ದ "ಶರತ್" ಒಳಗೂ "ಶರತ" ಇರುವುದರಿಂದ ಅಲ್ಲೆಲ್ಲ ಇನ್ನೊಂದು ಅರ್ಧಾಕ್ಷರದ ಚಿಹ್ನೆ ಸೇರಿಕೊಳ್ಳುತ್ತದೆ. ಒಂದೊಂದಾಗಿ ಹುಡುಕಿ, ನೋಡಿ, ಬದಲಿಸಿ.

ಕಾಲದ ವಿಷಯ ಉಳಿದಿದೆ. ಮೂರು ಸಾಲು ನೋಡಿ. "ಮೂರನೇ ಓವರಿನಲ್ಲಿ ಭರತ್ ಔಟಾಗುತ್ತಾನೆ." ಇದು ಟಿ.ವಿ. ಕಾಮೆಂಟರಿಯ ಮಾತು. ಭಾನುವಾರ ಮುಗಿದ ಪಂದ್ಯಕ್ಕೆ "ಔಟಾದರು" ಸಾಕು. ಉಳಿದವರಿಗೆಲ್ಲ ಬಹುವಚನ ಕೊಟ್ಟು ಮೂರು ರನ್ ಹೊಡೆದವನಿಗೆ ಏಕವಚನ ಏಕೆ? "ಕಿರಣ್ ಮತ್ತು ಎಸ್. ಶರತ್ 61 ರನ್ ಕೂಡಿಸಿದ್ದಾರೆ." ಹೀಗೆಂದರೆ ಅವರಿನ್ನೂ ಕ್ರೀಸಿನಲ್ಲೇ ಇದ್ದಾರೇನೋ ಅನ್ನಿಸುತ್ತದೆ. "ಕೂಡಿಸಿದರು" ಎಂದು ಮಾಡಿ. ಮೂರನೆಯದು ಸ್ವಲ್ಪ ನಾಜೂಕು: "ಶರತ್ ಅರ್ಧಶತಕ ಪೂರೈಸಿದರು. 12 ರನ್ ಗಳಿಸಿದ್ದಾಗ ಅವರ ಕ್ಯಾಚ್ ಅನ್ನು ವಿಕೆಟ್ ಕೀಪರ್ ಬಿಟ್ಟರು." ಎರಡೂ ಭೂತಕಾಲವೇ. ಆದರೂ ಕ್ಯಾಚ್ ಬಿಟ್ಟದ್ದು ಅರ್ಧಶತಕಕ್ಕಿಂತ ಮುಂಚೆ, ಅದನ್ನು ಕ್ರಿಯಾಪದ ಹೇಳಬೇಕು: "ಬಿಟ್ಟಿದ್ದರು". ಆಟದ ಕ್ರಮದಲ್ಲಿ ಸಾಗುವಾಗ "ಹೊಡೆದರು", ಹಿಂದಕ್ಕೆ ತಿರುಗಿ ನೋಡುವಾಗ ಮಾತ್ರ "ಹೊಡೆದಿದ್ದರು".

ಕನ್ನಡದಲ್ಲಿ ಇದನ್ನು ಪರೀಕ್ಷಿಸುವುದು ಸುಲಭ, ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೇ ಬರುತ್ತದೆ. ವರದಿ ಓದಬೇಡಿ, ಪ್ರತಿ ಪೂರ್ಣವಿರಾಮದ ಹಿಂದಿನ ಪದವನ್ನಷ್ಟೇ ನೋಡುತ್ತಾ ಕೆಳಗಿಳಿಯಿರಿ. ಆಯ್ದುಕೊಂಡಿತು, ಔಟಾಗುತ್ತಾನೆ, ಕೂಡಿಸಿದ್ದಾರೆ, ಬಿಟ್ಟರು, ಗೆಲ್ಲುತ್ತದೆ. ಎರಡು ನಿಮಿಷದಲ್ಲಿ ಎಲ್ಲವೂ ಎದ್ದು ಕಾಣುತ್ತವೆ. ನಾಯಕ ಹೇಳಿದ ಮಾತನ್ನು ಮಾತ್ರ ಮುಟ್ಟಬೇಡಿ, "ಖುಷಿಯಾಗಿದೆ" ಎಂದಿದ್ದರೆ ಉದ್ಧರಣ ಚಿಹ್ನೆಯೊಳಗೆ ಅದು ಹಾಗೇ ಇರಲಿ.

ವರದಿಯನ್ನು ವಾಪಸ್ ಕಳಿಸುತ್ತಿದ್ದೇನೆ. ಸಕಲೇಶಪುರದ ಇನಿಂಗ್ಸ್ ಅನ್ನು ನಾನು ಕೂಡಿಲ್ಲ. ಬ್ಯಾಟಿಂಗ್ ಕಡೆಯಿಂದ ಒಂದು ಸಲ, ಬೌಲಿಂಗ್ ಕಡೆಯಿಂದ ಒಂದು ಸಲ ನೀವೇ ಕೂಡಿ, 151 ಬರುತ್ತದೆಯೋ ನೋಡಿ, ಕೂಡಿದ ಹಾಳೆಯನ್ನೂ ಜೊತೆಗೆ ಕಳಿಸಿ. ಅರಸೀಕೆರೆ ತಂಡದ ಮ್ಯಾನೇಜರ್‌ಗೆ ಫೋನ್ ಮಾಡಿ, ಕೊನೆಯ ಓವರಿನ ಆ ಎರಡು ಬೌಂಡರಿ ಯಾವ ಶರತ್‌ನದು ಎಂದು ಕೇಳಿ. ಬುಧವಾರ ಸಂಜೆ ಆರರೊಳಗೆ ಬಂದರೆ ಗುರುವಾರದ ಪುಟದಲ್ಲಿ ಜಾಗ ಇಟ್ಟಿರುತ್ತೇನೆ.