ಪ್ರತಿಕ್ರಿಯೆ: ಪ್ರವೇಶಕಾಲವೋ, ಶೇಕಡಾವಾರೋ?

"ಗ್ರಾಫಿನಲ್ಲಿ ಗ್ಯಾಲ್ ಜೀನ್ ತಡವಾಗಿ ಕಾಣಿಸಿಕೊಳ್ಳುವುದಲ್ಲದೆ ಶೇಕಡಾ 25ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಕ್ರಮ ನಿರ್ಧರಿಸಲು ಯಾವುದನ್ನು ನೋಡಬೇಕು?"

ಕ್ರೋಮೋಸೋಮಿನ ಮೇಲೆ ಜೀನ್‌ಗಳ ಕ್ರಮ ತಿಳಿಯಲು ಪ್ರವೇಶಕಾಲವನ್ನೇ, ಅಂದರೆ ಜೀನ್ ಗ್ರಾಹಿ ಕೋಶದಲ್ಲಿ ಮೊದಲು ಕಾಣಿಸಿಕೊಳ್ಳುವ ನಿಮಿಷವನ್ನೇ ನೋಡಬೇಕು. ವೋಲ್ಮನ್ ಮತ್ತು ಜಾಕೋಬ್ 1950ರ ದಶಕದಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದ ದಾನಿ ಮತ್ತು ಗ್ರಾಹಿ ಕೋಶಗಳನ್ನು ಜೋಡಿಯಾಗಲು ಬಿಟ್ಟು, ಬೇರೆ ಬೇರೆ ನಿಮಿಷಗಳಲ್ಲಿ ಬ್ಲೆಂಡರ್‌ನಿಂದ ಬೇರ್ಪಡಿಸಿ ನಡೆಸಿದ ಪ್ರಯೋಗದಲ್ಲಿ ಅಜೈಡ್ ನಿರೋಧಕತೆ ಸುಮಾರು 9ನೇ ನಿಮಿಷಕ್ಕೆ, ಲ್ಯಾಕ್ 18ನೇ ನಿಮಿಷಕ್ಕೆ, ಗ್ಯಾಲ್ 25ನೇ ನಿಮಿಷಕ್ಕೆ ಗ್ರಾಹಿ ಕೋಶವನ್ನು ತಲುಪಿದವು. ದಾನಿ ಕೋಶದ ಡಿಎನ್‌ಎ ಒಂದು ನಿಶ್ಚಿತ ಬಿಂದುವಿನಿಂದ ನೂಲೆಳೆಯಂತೆ ಒಳಸೇರುತ್ತದೆ. ಬ್ಲೆಂಡರ್ ಜೋಡಿಗಳನ್ನು ಬೇರ್ಪಡಿಸಿದ ಕ್ಷಣದವರೆಗೆ ಒಳಬಂದಷ್ಟು ಭಾಗ ಮಾತ್ರ ಲೆಕ್ಕಕ್ಕೆ ಸಿಗುತ್ತದೆ.

ಆದರೆ ಬ್ಲೆಂಡರ್ ಹಾಕದಿದ್ದರೂ ಅನೇಕ ಜೋಡಿಗಳು ತಾವಾಗಿಯೇ ಕಡಿದುಹೋಗುತ್ತವೆ. ಹಾಗಾಗಿ ದೂರದ ಜೀನ್ ಎಷ್ಟು ಹೊತ್ತು ಕಾದರೂ ಎಲ್ಲ ಗ್ರಾಹಿಗಳನ್ನು ತಲುಪುವುದಿಲ್ಲ; ನೀವು ಕಂಡ ಕಡಿಮೆ ಮಟ್ಟಕ್ಕೆ ಇದೇ ಮುಖ್ಯ ಕಾರಣ. ಈ ಇಳಿಕೆಯೂ ಸ್ಥೂಲವಾಗಿ ಅದೇ ಕ್ರಮವನ್ನು ಸೂಚಿಸುತ್ತದೆಯಾದರೂ, ಒಳಬಂದ ತುಣುಕು ಗ್ರಾಹಿಯ ಕ್ರೋಮೋಸೋಮಿಗೆ ಸೇರಿಕೊಳ್ಳುವ ಸಾಧ್ಯತೆಯೂ ಅದರಲ್ಲಿ ಬೆರೆತಿರುವುದರಿಂದ ನಾನು ಅದನ್ನು ದೂರದ ಅಳತೆಯಾಗಿ ಬಳಸುವುದಿಲ್ಲ.

ಪ್ರವೇಶಕಾಲವನ್ನು ಓದುವಾಗಲೂ ಎಚ್ಚರ ಬೇಕು. ಎಲ್ಲ ಜೋಡಿಗಳೂ ಒಂದೇ ಕ್ಷಣದಲ್ಲಿ ಕೂಡುವುದಿಲ್ಲವಾದ್ದರಿಂದ ರೇಖೆ ನಿಧಾನವಾಗಿ ಏರುತ್ತದೆ. ಅದರ ನೇರವಾದ ಏರುಭಾಗವನ್ನು ಕೆಳಕ್ಕೆ ವಿಸ್ತರಿಸಿ, ಅದು ಕಾಲದ ಅಕ್ಷವನ್ನು ಮುಟ್ಟುವಲ್ಲಿ ನಿಮಿಷವನ್ನು ಗುರುತಿಸಿ. ಮಿಶ್ರಣವನ್ನು ಬೇಗನೆ ತೆಳುಗೊಳಿಸದಿದ್ದರೆ ಹೊಸ ಜೋಡಿಗಳು ಹುಟ್ಟುತ್ತಲೇ ಇದ್ದು ಏರಿಕೆ ಇನ್ನಷ್ಟು ಮಂದವಾಗುತ್ತದೆ. ಎರಡು ಜೀನ್‌ಗಳ ನಡುವಿನ ಅಂತರ ಒಂದೆರಡು ನಿಮಿಷಗಳಿಗಿಂತ ಕಡಿಮೆಯಿದ್ದರೆ ಈ ವಿಧಾನದಿಂದ ಕ್ರಮ ಹೇಳಲಾಗದು. ಅಲ್ಲಿ ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್ ಆದ ಫೇಜ್ ಜೀನ್‌ಗಳನ್ನು ಒಂದು ಕೋಶದಿಂದ ಇನ್ನೊಂದಕ್ಕೆ ಸಾಗಿಸುವ ಟ್ರಾನ್ಸ್‌ಡಕ್ಷನ್ ಪ್ರಯೋಗವೇ ಬೇಕಾಗುತ್ತದೆ.