ಎಂಟು ಬೇಡ, ಮೂರು ಸಾಕು

"ನಾನು ಪ್ರೌಢಶಾಲೆಯೊಂದರ ಪ್ರಾಂಶುಪಾಲೆ. ಮುಂದಿನ ವಾರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆ ಓದಿನ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ಕಥೆ, ಕಾದಂಬರಿ, ಕವಿತೆ, ನಾಟಕ, ಪತ್ತೇದಾರಿ, ಪ್ರವಾಸ ಕಥನ, ಆತ್ಮಕಥೆ, ಲಲಿತ ಪ್ರಬಂಧ ಎಲ್ಲವನ್ನೂ ಓದಿ ಅಂತ ಬರೆದುಕೊಂಡಿದ್ದೇನೆ. ಭಾಷಣದ ಪ್ರತಿ ಕಳಿಸಿದ್ದೇನೆ, ನೋಡಿ ಹೇಳ್ತೀರಾ?"

ಮೇಡಂ, ಓದಿದೆ. ಮೊದಲ ಎರಡು ಪುಟ ತೆಗೆದುಬಿಡಿ. ಓದಿದರೆ ಜ್ಞಾನ ಬರುತ್ತದೆ ಅನ್ನೋದು ಮಕ್ಕಳಿಗೆ ಬಾಯಿಪಾಠ ಆಗಿದೆ. ಇನ್ನು ಎಂಟು ಪ್ರಕಾರಗಳ ಹೆಸರನ್ನು ಒಂದೇ ಉಸಿರಿಗೆ ಹೇಳಿದರೆ ಅದು ಹೊಸ ಸಿಲಬಸ್ ಥರ ಕೇಳಿಸುತ್ತದೆ. ಮೂರು ಇಟ್ಟುಕೊಳ್ಳಿ, ಪ್ರತಿಯೊಂದರಿಂದಲೂ ಅರ್ಧ ಪುಟ ಗಟ್ಟಿಯಾಗಿ ಓದಿ.

ಮೊದಲು ಪತ್ತೇದಾರಿ, ಅದರಲ್ಲೂ ಸಣ್ಣ ಕಥೆ. ಬೀಗ ಹಾಕಿದ ಹಾಗೇ ಇದೆ, ಒಳಗಿದ್ದ ಒಡವೆ ಇಲ್ಲ, ಅನ್ನೋ ತನಕ ಓದಿ ಪುಸ್ತಕ ಮುಚ್ಚಿಬಿಡಿ. ಕಳ್ಳ ಯಾರು ಅಂತ ಎಷ್ಟು ಕೇಳಿದರೂ ಹೇಳಬೇಡಿ. ಒಂದು ಗುಟ್ಟು ಮಾತ್ರ ಬಿಟ್ಟುಕೊಡಿ: ಜಾಣ ಲೇಖಕ ಸುಳಿವನ್ನು ಬಚ್ಚಿಡುವುದಿಲ್ಲ, ಮೇಜಿನ ಮೇಲೆ ಕನ್ನಡಕ, ಕತ್ತರಿ, ಒದ್ದೆ ಟವೆಲ್ ಇತ್ತು ಅಂತ ಎರಡು ಸಾದಾ ವಸ್ತುಗಳ ಜೊತೆ ಸುಮ್ನೆ ಇಟ್ಟು ಮುಂದೆ ಹೋಗಿಬಿಡುತ್ತಾನೆ. ಕೊನೆ ಓದಿದ ಮೇಲೆ ಮೊದಲ ಪುಟಕ್ಕೆ ಹೋಗಿ ಹುಡುಕಿ ಅನ್ನಿ.

ಪ್ರವಾಸ ಕಥನದಲ್ಲಿ ದೇವಸ್ಥಾನ, ಜಲಪಾತದ ವರ್ಣನೆ ಬೇಡ. ಬಸ್ಸು ತಪ್ಪಿದ, ಭಾಷೆ ಬಾರದೆ ಕೈಸನ್ನೆಯಲ್ಲಿ ನೀರು ಕೇಳಿದ ಭಾಗ ಆರಿಸಿ.

ಕಷ್ಟ ಇರುವುದು ಲಲಿತ ಪ್ರಬಂಧದ್ದು. ಹೆಸರಲ್ಲೇ ಪ್ರಬಂಧ ಇದೆಯಲ್ಲ! ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಬರೆದು ಬರೆದು ಸುಸ್ತಾದ ಮಕ್ಕಳು ಆ ಪದ ಕೇಳಿದ ಕೂಡಲೇ ಮುಖ ತಿರುಗಿಸುತ್ತಾರೆ. ಹಾಗಾಗಿ ಹೆಸರನ್ನು ಆಮೇಲೆ ಹೇಳಿ, ಮೊದಲು ಓದಿ. ಯಾರೋ ಒಬ್ಬರು ತಮ್ಮ ಹಳೇ ಕೊಡೆಯ ಬಗ್ಗೆಯೋ ನೆಗಡಿಯ ಬಗ್ಗೆಯೋ ಹರಟುತ್ತಾ ಕೂತು, ಅಲ್ಲಿಂದ ಜಾರಿ ನೆಂಟರ ಮೇಲೆ, ಕೊನೆಗೆ ತಮ್ಮ ಮೇಲೇ ನಗುವ ಬರಹ ಅದು. ಕಥೆ ಇಲ್ಲ, ಏನೂ ನಡೆಯುವುದಿಲ್ಲ, ದನಿಯೇ ಎಲ್ಲ. ಹಿಂದಿನ ದಿನ ಯಾವುದಾದರೂ ಹುಡುಗನಿಗೆ ಓದಿ ತೋರಿಸಿ. ಅವನು ನಗದಿದ್ದರೆ ಪ್ಯಾರಾ ಬದಲಿಸಿ, ಹುಡುಗನನ್ನಲ್ಲ.

ಅಂದಹಾಗೆ, ಓದಿದ ಪುಸ್ತಕದ ಒಂದೇ ಪ್ರತಿ ಇದ್ದರೆ ಮೊದಲು ಓಡಿದವನಿಗೆ ಅದು, ಮಿಕ್ಕವರಿಗೆ ಬೇಜಾರು. ಅದೇ ಜಾತಿಯ ಹತ್ತಾರು ಪುಸ್ತಕಗಳನ್ನು ಬೀರುವಿನಿಂದ ಹೊರಗೆ ತೆಗೆದು ಮೇಜಿನ ಮೇಲೆ ಹರಡಲು ಲೈಬ್ರರಿಯವರಿಗೆ ಮುಂಚೆಯೇ ಹೇಳಿ. ಚಪ್ಪಾಳೆ ಲೆಕ್ಕಕ್ಕಿಲ್ಲ. ಹದಿನೈದು ದಿನ ಬಿಟ್ಟು ರಿಜಿಸ್ಟರ್ ನೋಡಿ, ಮೊದಲ ಪುಸ್ತಕ ವಾಪಸ್ ಕೊಟ್ಟವರು ಎರಡನೆಯದು ಒಯ್ದಿದ್ದಾರಾ ಅಂತ. ಮತ್ತೆ ಪತ್ತೇದಾರಿಯನ್ನೇ ಒಯ್ದಿದ್ದರೆ ಒಯ್ಯಲಿ ಬಿಡಿ.

ಕೊನೆಯ ಪುಟದಲ್ಲಿ "ಕಾಮಿಕ್ಸ್ ಓದಿ ಕಾಲ ಕಳೆಯಬೇಡಿ" ಅಂತ ಇದೆ. ದಯವಿಟ್ಟು ಹೊಡೆದುಹಾಕಿ. ನಿಮ್ಮ ಮುಂದೆ ಸಾಲಲ್ಲಿ ನಿಂತವರಲ್ಲಿ ಈಗಾಗಲೇ ಓದುತ್ತಿರುವ ಮಕ್ಕಳು ಅವರೇ, ಅಲ್ವಾ?

— ಸಂ.